ತಿರುಗೋಲು: ಮಳೆಗಾಲದ ಲೀಗಿನ ಕಟ್ಟಳೆ ಮತ್ತು ಕಥೆ

ನನ್ನ ಕಾದಂಬರಿಯ ಊರು ಆನೆಹೊಂಡ. ಅಲ್ಲಿನವರು ಬೇಸಿಗೆಯಲ್ಲಿ ಹೊಳೆಗೆ ಇಳಿದು ಹರಿಗೋಲಿನಲ್ಲಿ ತಿರುಗೋಲು ಎಂಬ ಆಟ ಆಡುತ್ತಾರೆ. ಮಳೆಗಾಲದಲ್ಲಿ ಹೊಳೆ ತುಂಬಿ ಕಲ್ಲುಬಂಡೆಗಳೇ ಕಾಣದಂತಾದಾಗ ಅದೇ ಆಟವನ್ನು ಚಾವಡಿಯಲ್ಲಿ ಹಲಗೆಯ ಮೇಲೆ ಆಡುತ್ತಾರೆ. ಮೂರನೇ ಅಧ್ಯಾಯ ಓದಿದವರು "ಈ ಆಟ ನಿಜವಾಗ್ಲೂ ಆಡೋಕೆ ಬರುತ್ತಾ?" ಅಂತ ಕೇಳಿದ್ದರು. ಬರುತ್ತೆ. ಗಂಗಾವತಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅಕ್ಕನ ಮಗನ ಜೊತೆ ಆಡಿ ನೋಡಿಯೇ ಬರೆದಿದ್ದೇನೆ.

ಮೂಲ ವಿಚಾರ ನನ್ನದಲ್ಲ, ಆನೆಗೊಂದಿಯ ಹೊಳೆಯದು. ಹರಿಗೋಲು ದುಂಡಗಿರುತ್ತೆ, ಹುಟ್ಟು ಹಾಕದಿದ್ದರೆ ಇದ್ದಲ್ಲೇ ಗಿರಗಿರ ತಿರುಗುತ್ತೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯಸ್ ಕೂಡ ಇದನ್ನೇ ಬರೆದಿಟ್ಟಿದ್ದಾನೆ: ಬುಟ್ಟಿಯಂಥ ದೋಣಿ, ಹೊರಗೆ ಚರ್ಮ, ಸದಾ ತಿರುಗುತ್ತಲೇ ಇರುತ್ತೆ, ನೇರ ಹೋಗಲು ಬರುವುದಿಲ್ಲ. ಇಡೀ ಆಟ ನಿಂತಿರುವುದು ಈ ಕೊನೇ ಮಾತಿನ ಮೇಲೆ.

ಹಲಗೆ ಏಳು ಮನೆ ಉದ್ದ, ಏಳು ಮನೆ ಅಗಲ. ಒಬ್ಬ ದಕ್ಷಿಣ ದಡ, ಇನ್ನೊಬ್ಬ ಉತ್ತರ ದಡ. ನೀರು ಪಶ್ಚಿಮದಿಂದ ಪೂರ್ವಕ್ಕೆ. ಇಬ್ಬರಿಗೂ ಮೂರು ಮೂರು ಹರಿಗೋಲು, ಮೂರನ್ನೂ ಮೊದಲು ಎದುರು ದಡಕ್ಕೆ ದಾಟಿಸಿದವರು ಗೆದ್ದಂತೆ. ಪ್ರತಿಯೊಂದಕ್ಕೂ ಒಂದು ಮೂತಿ ಗುರುತು ಇರಬೇಕು (ನಾವು ಕ್ಯಾರಂ ಕಾಯಿಗೆ ಸುಣ್ಣದ ಚುಕ್ಕೆ ಇಟ್ಟೆವು, ಕಾದಂಬರಿಯಲ್ಲಿ ಮಾತ್ರ ಕಿನ್ನಾಳದ ಗೊಂಬೆಗಳಂತೆ ಬಣ್ಣ ಹಚ್ಚಿದ ಮರದ ಕಾಯಿಗಳಿವೆ). ನಡುವಿನ ಐದು ಸಾಲುಗಳಲ್ಲಿ ಐದು ಬಂಡೆ. ಆಡುವವರು ಎರಡೆರಡು ಇಡುತ್ತಾರೆ, ಐದನೆಯದನ್ನು ಪಕ್ಕದಲ್ಲಿ ಕೂತು ನೋಡುವವರು ಇಡುತ್ತಾರೆ. ಜಗಳ ಶುರುವಾಗುವುದೇ ಆ ಐದನೇ ಬಂಡೆಯಿಂದ.

ನಾಲ್ಕು ಕವಡೆ ಎಸೆಯಿರಿ. ಎಷ್ಟು ಅಂಗಾತ ಬಿದ್ದವೋ ಅಷ್ಟು ಹುಟ್ಟು. ಒಂದು ಹುಟ್ಟಿಗೆ ಮೂತಿ ಇರುವ ಕಡೆ ಒಂದು ಮನೆ ನಡೆಯಬಹುದು, ಇಲ್ಲವೇ ಮೂತಿಯನ್ನು ಕಾಲು ಸುತ್ತು ಯಾವ ಕಡೆಗಾದರೂ ತಿರುಗಿಸಬಹುದು. ಆದರೆ ಒಂದು ಮನೆ ನಡೆದ ಕೂಡಲೇ ಹೊಳೆ ಅದನ್ನು ತಾನಾಗೇ ಬಲಕ್ಕೆ ಕಾಲು ಸುತ್ತು ತಿರುಗಿಸುತ್ತೆ. ಹೊಸಬರು ನಾಲ್ಕು ಹುಟ್ಟು ಬಿತ್ತು ಅಂತ ಖುಷಿಯಿಂದ ನಾಲ್ಕು ಮನೆ ನಡೆಸಿದರೆ, ಒಂದು ಸುತ್ತು ಹೊಡೆದು ಹೊರಟ ಮನೆಗೇ ವಾಪಸ್! ನಾನೂ ಮೊದಲ ಸಲ ಹಾಗೇ ಮಾಡಿ ಹುಡುಗನ ಕೈಲಿ ನಗಿಸಿಕೊಂಡೆ.

ನೇರ ಹೋಗಬೇಕೆಂದರೆ ಪ್ರತಿ ಮನೆಗೂ ಎಡಕ್ಕೊಂದು ಹುಟ್ಟು ಜಾಸ್ತಿ ಹಾಕಬೇಕು. ಬಂಡೆ ಅಡ್ಡ ಬರದಿದ್ದರೆ ಒಂದು ಹರಿಗೋಲು ದಾಟಲು ಆರು ನಡೆ, ನಡುವೆ ಐದು ತಿರುವು, ಒಟ್ಟು 11 ಹುಟ್ಟು, ಮೂರಕ್ಕೆ 33. ನಮ್ಮ ತುಂಗಭದ್ರಾ ಡ್ಯಾಮಿನ ಗೇಟುಗಳೂ 33. ಲೆಕ್ಕ ಹಾಕಿ ಇಟ್ಟಿದ್ದಲ್ಲ, ಸುಮ್ನೆ ಹಾಗೆ ಬಂತು.

ನಾಲ್ಕೂ ಕವಡೆ ಬೋರಲು ಬಿದ್ದರೆ ಚೌಕಾಬಾರದಂತೆ ಎಂಟು. ಆದರೆ ಎಂಟು ಆಡುವ ಮೊದಲು ಎಲ್ಲರೂ "ನೀರು ಬಂತು!" ಅಂತ ಕೂಗಬೇಕು, ಹಲಗೆಯ ಮೇಲಿನ ಎಲ್ಲ ಹರಿಗೋಲುಗಳೂ ಪೂರ್ವಕ್ಕೆ ಒಂದು ಮನೆ ಜಾರುತ್ತವೆ. ಅಂಚಿನಲ್ಲಿದ್ದದ್ದು ಮೊಸಳೆ ಪಾಲು, ತನ್ನ ದಡದಿಂದ ಮತ್ತೆ ಶುರು. ಪೂರ್ವಕ್ಕೆ ಬಂಡೆ ಅಂಟಿಕೊಂಡಿದ್ದರೆ ಮಾತ್ರ ಜಾರುವುದಿಲ್ಲ. ಹಳೇ ಆಟಗಾರರು ಬಂಡೆಗೆ ಬೆನ್ನು ಕೊಟ್ಟು ಕಾಯುವುದು ಇದಕ್ಕೇ.

ಎದುರಾಳಿಯ ಹರಿಗೋಲು ಮುಂದಿದ್ದರೆ ಡಿಕ್ಕಿ. ಒಂದು ಹುಟ್ಟು ಖರ್ಚು, ನೀವು ಕದಲುವುದಿಲ್ಲ, ಆದರೆ ಅವನ ಮೂತಿ ಯಾವ ಕಡೆ ಇರಬೇಕೆಂದು ನೀವೇ ತೀರ್ಮಾನಿಸುತ್ತೀರಿ. ದಾಟಿದ ಹರಿಗೋಲನ್ನು ಹಲಗೆಯಿಂದ ಎತ್ತಿಡಬೇಕು. ಮೊದಲು ಈ ನಿಯಮ ಇರಲಿಲ್ಲ. ಅಕ್ಕನ ಮಗ ಎರಡನ್ನು ನನ್ನ ದಡದಲ್ಲೇ ನಿಲ್ಲಿಸಿ ದಾರಿ ಕಟ್ಟಿಬಿಟ್ಟ, ಆಟ ರಾತ್ರಿ ಊಟದವರೆಗೂ ಮುಗಿಯಲಿಲ್ಲ.

ಈಗ ಕಥೆ. ಆನೆಹೊಂಡದಲ್ಲಿ ತಾಯವ್ವ ಎಂಬ ಅಂಬಿಗರ ಹೆಂಗಸು ಇದ್ದಳಂತೆ. ಸುಂಕದವನು ಹರಿಗೋಲು ಹತ್ತಿ, "ನೇರ ನಡಿ, ಸುತ್ತು ಹೊಡೆದರೆ ಸುಂಕ ಎರಡು ಪಟ್ಟು" ಅಂದ. ಆಕೆ ನಡುಹೊಳೆಯಲ್ಲಿ ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟು ಎಲೆಯಡಿಕೆ ಹಾಕಿಕೊಳ್ಳುತ್ತಾ ಕೂತುಬಿಟ್ಟಳು. ಹರಿಗೋಲು ತಿರುಗಿತು, ತಿರುಗಿತು, ಸುಂಕದವನು ಉಂಡದ್ದನ್ನೆಲ್ಲ ಕಾರಿಕೊಂಡ. "ಯವ್ವಾ, ಸುಂಕ ಬೇಡ, ದಡ ಮುಟ್ಟಿಸು" ಅಂದ. ಅದಕ್ಕೇ ಆಟ ಶುರುವಾಗುವ ಮೊದಲು ಇಬ್ಬರೂ ತಮ್ಮ ಒಂದು ಕಾಯಿಯನ್ನು ಗಿರ್ರನೆ ತಿರುಗಿಸುತ್ತಾರೆ. ಯಾರದು ಹೆಚ್ಚು ಹೊತ್ತು ತಿರುಗಿತೋ ಅವರಿಗೆ ಮೊದಲ ಕವಡೆ.

ಲೀಗಿನಲ್ಲಿ ಎಂಟು ಚಾವಡಿ, ಒಬ್ಬರಿಗೊಬ್ಬರು ಒಂದು ಸಲ, ಒಟ್ಟು 28 ಆಟ. ಕೆಂಧೂಳಿ ಚಾವಡಿಯವರು ಬಳ್ಳಾರಿ ಕಡೆಯ ಅದಿರು ಲಾರಿಗಳಂತೆ ಡಿಕ್ಕಿಗೇ ಹೆಸರು. ಎರೆಹೊಲದವರು ರಾಯಚೂರಿನ ಎರೆಮಣ್ಣಿನಂತೆ ಹಿಡಿದರೆ ಬಿಡುವುದಿಲ್ಲ, ಬಂಡೆ ಬಿಟ್ಟು ಕದಲುವುದಿಲ್ಲ, ನೋಡುವವರಿಗೆ ನಿದ್ದೆ. ಉಳಿದ ಆರು ಚಾವಡಿಗಳು ಕಾದಂಬರಿಯಲ್ಲಿ ಬರುತ್ತವೆ. ಗೆದ್ದರೆ ಎರಡು ಅಂಕ. ಸೋತ ಚಾವಡಿಯ ಹಿರಿಯ ಮುಂದಿನ ಆಟದವರೆಗೆ ಮನೆಯಿಂದ ಹೊರಗೆ ಬಂದಾಗಲೆಲ್ಲ ತಲೆಯ ಮೇಲೆ ಬುಟ್ಟಿ ಬೋರಲು ಹಾಕಿಕೊಂಡು ಓಡಾಡಬೇಕು, ಅಂಬಿಗರು ಹರಿಗೋಲು ಹೊತ್ತು ನಡೆಯುವ ಹಾಗೆ.

ಹಾಂ, ಕವಡೆ ಹಲಗೆಯಿಂದ ಉರುಳಿ ಕೆಳಗೆ ಬಿದ್ದರೂ ಲೆಕ್ಕಕ್ಕೆ ಉಂಟು. ಮಂಚದ ಕೆಳಗೆ ಹೋದರೆ ಎದುರಾಳಿಯೇ ಬಗ್ಗಿ ನೋಡಿ ಹೇಳಬೇಕು.