ಕಲ್ಲಿನ ಕೋಟೆ ನಡಿಗೆ: ನಿರೂಪಕರ ಪಠ್ಯ

ಚಿತ್ರದುರ್ಗ, ಭಾನುವಾರ ಬೆಳಿಗ್ಗೆ 7.00ರಿಂದ 9.30. ಇಪ್ಪತ್ತು ಜನ, ನಿಲುಗಡೆ ಐದು. ಆವರಣದಲ್ಲಿರುವುದು ನಿರೂಪಕರಿಗೆ ಸೂಚನೆ, ಉಳಿದದ್ದು ಬಾಯಲ್ಲಿ ಹೇಳುವುದು.

ಮೊದಲ ಬಾಗಿಲು, 7.00

(ಬಿಸಿಲು ನಿಮ್ಮ ಮುಖಕ್ಕಿರಲಿ, ಜನರ ಕಣ್ಣಿಗೆ ಬೇಡ. ಮೂರು ನಿಮಿಷ ಮೀರಬೇಡಿ. ಬಂದವರಿಗೆ ಇನ್ನೂ ಹತ್ತುವ ಉತ್ಸಾಹವೇ ಇರುತ್ತದೆ, ಕೇಳುವುದಲ್ಲ.)

ಎಲ್ಲರಿಗೂ ನಮಸ್ಕಾರ. ನೀರು ಇದೆಯಾ? ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿಯಬೇಡಿ, ಚೀಲದೊಳಗೆ ಹಾಕಿ. ಇಲ್ಲಿ ಮಂಗಗಳದ್ದೇ ಕಾವಲು. ನಾನು ಮುಂದಿರುತ್ತೇನೆ, ಹಸಿರು ಟೋಪಿಯವರು ಕೊನೆಗೆ. ಅವರ ಹಿಂದೆ ಯಾರೂ ಉಳಿಯಬಾರದು.

ಈಗ ಒಳಗೆ ಬನ್ನಿ. ದಾರಿ ಎಷ್ಟು ಸಲ ತಿರುಗುತ್ತದೆ, ನೀವೇ ಎಣಿಸಿ.

(ನಡೆಯುವಾಗ ಮಾತಾಡಬೇಡಿ. ಮೊದಲ ತಿರುವು ದಾಟಿ, ಕೊನೆಯವರು ಬರುವವರೆಗೂ ಕಾಯಿರಿ.)

ಬಾಗಿಲಿಗೆ ನೇರ ದಾರಿ ಇದ್ದರೆ ಆನೆ ಓಡಿಬಂದು ಗುದ್ದಬಹುದು. ಇಲ್ಲಿ ಓಡಲು ಜಾಗವೇ ಇಲ್ಲ. ತಿರುಗಿದವನ ಪಕ್ಕೆ ಮೇಲೆ ನಿಂತವನಿಗೆ ಗುರಿ. ಗೋಡೆ ಮುಟ್ಟಿ ನೋಡಿ, ಈ ದಪ್ಪ ಕಲ್ಲುಗಳ ನಡುವೆ ಗಾರೆ ಇಲ್ಲ. ಕಲ್ಲಿಗೆ ಕಲ್ಲು ಕೂರುವಂತೆ ಕಡಿದು ಜೋಡಿಸಿದ್ದಾರೆ.

(ಬಾಗಿಲು, ಕಳ್ಳದಾರಿ, ಬತೇರಿಗಳ ಸಂಖ್ಯೆಯನ್ನು ಇಲ್ಲಿ ಸುರಿಯಬೇಡಿ. ಮುಂದಿನ ತಿರುವಿಗೇ ಮರೆತುಬಿಡುತ್ತಾರೆ. ಕೇಳಿದವರಿಗೆ ಮಾತ್ರ ಹೇಳಿ.)

ಮದ್ದು ಬೀಸುವ ಕಲ್ಲು, 7.20

(ಗುಂಡಿಯ ಸುತ್ತ ನಿಲ್ಲಿಸಿ. ಮಕ್ಕಳು ಅಂಚಿಗಿಂತ ಎರಡು ಹೆಜ್ಜೆ ಹಿಂದೆ. ಮೊದಲು ಪ್ರಶ್ನೆ, ಹತ್ತು ಸೆಕೆಂಡ್ ಸುಮ್ಮನಿರಿ.)

ನಾಲ್ಕು ಬೀಸುವ ಕಲ್ಲು. ಏನು ಬೀಸುತ್ತಿದ್ದರು?

(ರಾಗಿ ಅನ್ನುವವರು ಇದ್ದೇ ಇರುತ್ತಾರೆ. ನಗಬೇಡಿ.)

ರಾಗಿಗಾದರೆ ಮನೆಯ ಕಲ್ಲೇ ಸಾಕಿತ್ತು. ಇದು ಫಿರಂಗಿಯ ಮದ್ದು: ಪೆಟ್ಲುಪ್ಪು, ಗಂಧಕ, ಇದ್ದಲು. ಮೂರೂ ನುಣ್ಣಗಾಗಿ ಒಂದರೊಳಗೊಂದು ಬೆರೆಯಬೇಕು. ತರಿಯಾಗಿ ಉಳಿದರೆ ಒಂದೇ ಸಮ ಉರಿಯದೆ ಗುಂಡು ಹತ್ತಿರವೇ ಬೀಳುತ್ತದೆ. ಅದಕ್ಕೇ ಈ ಗಾತ್ರದ ಕಲ್ಲು, ಎಳೆಯಲು ಪಶುಗಳು.

ಏಕನಾಥೇಶ್ವರಿಯಿಂದ ಹಿಡಿಂಬೇಶ್ವರ, 7.45

(ಹತ್ತಿದ ಮೇಲೆ ಎರಡು ನಿಮಿಷ ಮಾತು ಬೇಡ, ಉಸಿರು ಹಿಡಿಯುತ್ತಿರುತ್ತದೆ. ದೀಪಸ್ತಂಭ, ಉಯ್ಯಾಲೆ ಕಂಬಗಳ ಬಳಿ ನೆರಳಿಗೆ ಕರೆದುಕೊಂಡು ಹೋಗಿ. ಇತಿಹಾಸವನ್ನೆಲ್ಲ ಒಂದೇ ಸಲ ಹೇಳುವ ಜಾಗ ಇದೊಂದೇ, ಏಕೆಂದರೆ ಕೂತು ಕೇಳುತ್ತಾರೆ.)

ಬೆಟ್ಟ ಹಳೆಯದು, ಆಳಿದವರು ಹಲವರು. ಕೋಟೆಯನ್ನು ಇಷ್ಟು ಬಲಪಡಿಸಿದವರು ಬೇಡ ಕುಲದ ನಾಯಕರು. ಮತ್ತಿ ತಿಮ್ಮಣ್ಣ ನಾಯಕ ವಿಜಯನಗರದ ಅಧೀನದಲ್ಲಿ 16ನೇ ಶತಮಾನದಲ್ಲಿ ಮನೆತನಕ್ಕೆ ಬುನಾದಿ ಹಾಕಿದ. ಕೊನೆಯವನು ಮದಕರಿ ನಾಯಕ, ಪಟ್ಟಕ್ಕೆ ಬಂದದ್ದು 1754ರಲ್ಲಿ. ಹೈದರಾಲಿ ಒಂದಲ್ಲ, ಹಲವು ಸಲ ಮುತ್ತಿದ. ಕೋಟೆ ಕೈಸೇರಿದ್ದು 1779ರಲ್ಲಿ. ಮದಕರಿಯನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು.

ಹಿಡಿಂಬನ ಕತೆ ಬೇರೆ ತೂಕದ್ದು. ಅವನು ಇದೇ ಬೆಟ್ಟದಲ್ಲಿದ್ದ, ಭೀಮ ಕೊಂದ ಎಂಬುದು ನಂಬಿಕೆ. ಮದಕರಿಯ ವಿಷಯ ಇತಿಹಾಸ, ಇದು ಐತಿಹ್ಯ.

(ಈ ಎರಡು ಮಾತನ್ನು ದನಿ ಬದಲಿಸಿ ಹೇಳಿ. ಪೂಜೆ ನಡೆಯುತ್ತಿದ್ದರೆ ಹೊರಗೇ ಮುಗಿಸಿ. ಇಲ್ಲಿ ಸೆಲ್ಫಿಗೆಂದೇ ಐದು ನಿಮಿಷ ಬಿಡಿ. ಬಿಡದಿದ್ದರೆ ಮುಂದಿನ ದಾರಿಯುದ್ದಕ್ಕೂ ಕದ್ದು ತೆಗೆಯುತ್ತಾರೆ, ಗುಂಪು ಹರಿಯುತ್ತದೆ.)

ಗೋಪಾಲಸ್ವಾಮಿ ಹೊಂಡ, 8.20

ಮುತ್ತಿಗೆ ಹಾಕಿದವನು ಮೊದಲು ಕಾಯುವುದು ಒಳಗಿನವರಿಗೆ ನೀರು ಮುಗಿಯಲೆಂದು. ಇಲ್ಲಿ ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಜಾರುತ್ತದೆ. ಆ ಇಳಿಜಾರನ್ನೇ ಹಿಡಿದರು. ಈ ಹೊಂಡ ತುಂಬಿ ಕೋಡಿ ಬಿದ್ದರೆ ನೀರು ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಊರೊಳಗಿನ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ ಇಳಿಯುತ್ತದೆ.

(ಕೈ ತೋರಿಸಿ ಇಳಿಜಾರನ್ನು ಹಿಂಬಾಲಿಸಿ. ಗಾಳಿ ಜೋರಿದ್ದರೆ ಬಂಡೆಗೆ ಬೆನ್ನು ಕೊಟ್ಟು ಮಾತಾಡಿ. ಮಳೆ ಬಂದಿದ್ದರೆ ಪಾಚಿಯ ಮೆಟ್ಟಿಲಿಗೆ ಯಾರನ್ನೂ ಇಳಿಸಬೇಡಿ.)

ತಣ್ಣೀರು ದೋಣಿ, ಓಬವ್ವನ ಕಿಂಡಿ, 8.45

(ಕತೆ ದೋಣಿಯ ಬಳಿಯೇ ಮುಗಿಯಬೇಕು. ಕಿಂಡಿಯಲ್ಲಿ ಒಬ್ಬೊಬ್ಬರೇ ದಾಟಬೇಕು. ಅಲ್ಲಿ ಶುರು ಮಾಡಿದರೆ ಮುಂದಿನವರಿಗೆ ಅರ್ಧ, ಹಿಂದಿನವರಿಗೆ ಏನೂ ಇಲ್ಲ.)

ಕಾವಲುಗಾರ ಕಹಳೆ ಮುದ್ದ ಹನುಮ ಊಟಕ್ಕೆ ಕೂತಿದ್ದ. ಹೆಂಡತಿ ಓಬವ್ವ ನೀರಿಗೆ ಬಂದಳು. ಕಿಂಡಿಯಲ್ಲಿ ಹೈದರನ ಸೈನಿಕರು ತೂರುವುದು ಕಂಡಿತು. ಕೈಗೆ ಸಿಕ್ಕಿದ್ದು ಒನಕೆ. ಜನ ಕಾಪಾಡಿಕೊಂಡು ಬಂದ ಕತೆ ಇಷ್ಟು. ಅವಳು ಒಬ್ಬಳೇ ಅಷ್ಟು ಜನರನ್ನು ಹೇಗೆ ಎದುರಿಸಿದಳು ಅಂತ ನಾನು ವಿವರಿಸುವುದಿಲ್ಲ, ನೀವೇ ಬಗ್ಗಿ ತೂರಿ ನೋಡಿ. ತಲೆ ಮೊದಲು ಬರುತ್ತದೆ, ಕೈ ಆಮೇಲೆ.

(ಮಂಡಿನೋವಿನವರು, ಗರ್ಭಿಣಿಯರು ಇಲ್ಲೇ ಇರಲಿ, ಅವರಿಗೆ ಬಂಡೆ ಸೀಳಲು ಕೊರೆದ ಬೆಣೆ ಗುಳಿಗಳ ಸಾಲನ್ನು ತೋರಿಸಿ. ಚೀಲ ಮುಂದೆ ಹಿಡಿಯಲು ಹೇಳಿ, ಬೆನ್ನಲ್ಲಿದ್ದರೆ ಸಿಕ್ಕಿಕೊಳ್ಳುತ್ತದೆ. ಇಪ್ಪತ್ತು ಜನ ದಾಟಲು ಹತ್ತು ನಿಮಿಷ. ಅಷ್ಟು ಹೊತ್ತು ನೀವು ಏನೂ ಹೇಳಬೇಡಿ.)

ಎಲ್ಲರೂ ಬಂದಿರಾ? ತಲೆ ಎಣಿಸುತ್ತೇನೆ. ಬಂದ ದಾರಿಯಲ್ಲೇ ಇಳಿಯೋಣ. ಇಳಿಯುವಾಗ ಮೊಣಕಾಲು ಸ್ವಲ್ಪ ಬಾಗಿರಲಿ. ಪ್ರಶ್ನೆ ಇದ್ದವರು ನನ್ನ ಪಕ್ಕ ನಡೆಯಿರಿ.