ಪೀನ ಮಸೂರದ ಸಂಗಮ ದೂರ ಮತ್ತು ನೀರಿನ ವಕ್ರೀಭವನ ಸೂಚ್ಯಂಕ: ದ್ವಿತೀಯ ಪಿಯುಸಿ ಭೌತಶಾಸ್ತ್ರ ಪ್ರಯೋಗ ಕೈಪಿಡಿಯ ಕನ್ನಡ ಅನುವಾದ

ಪದಗಳ ಬಗ್ಗೆ

ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದವರಿಗೆ ಮಸೂರ, ವಕ್ರೀಭವನ, ಸಂಗಮ ದೂರ ಪರಿಚಿತ ಪದಗಳು. ಕಾಲೇಜಿನ ಲ್ಯಾಬಿನಲ್ಲಿ ಇವೇ ಲೆನ್ಸ್, ರಿಫ್ರಾಕ್ಷನ್, ಫೋಕಲ್ ಲೆಂತ್ ಆಗುತ್ತವೆ. ಇಲ್ಲಿ ಶಾಲೆಯ ಪದಗಳನ್ನೇ ಬಳಸಿದ್ದೇವೆ. ಉಪಕರಣಗಳಿಗೆ ಮಾತ್ರ ಲ್ಯಾಬಿನಲ್ಲಿ ಕರೆಯುವ ಹೆಸರುಗಳನ್ನೇ ಉಳಿಸಿಕೊಂಡಿದ್ದೇವೆ. ಆಪ್ಟಿಕಲ್ ಬೆಂಚನ್ನು 'ದ್ಯುತಿ ಪೀಠ' ಎಂದು ಕೇಳಿದರೆ ಅಟೆಂಡರ್ ಏನು ತಂದುಕೊಡಬೇಕು? ಪ್ಯಾರಲಾಕ್ಸ್‌ಗೆ ಸಂಸ್ಕೃತದ ಪದ ಹುಡುಕದೆ, ಅದನ್ನು ನೋಡುವ ಬಗೆಯನ್ನು ವಿವರಿಸಿದ್ದೇವೆ. u, v, f, R, n ಸಂಕೇತಗಳು ಹಾಗೆಯೇ ಇವೆ.

ಭಾಗ 1: ಸಂಗಮ ದೂರ

ಬೇಕಾದವು: ಒಂದೂವರೆ ಮೀಟರ್ ಆಪ್ಟಿಕಲ್ ಬೆಂಚ್, ಮೂರು ಅಪ್‌ರೈಟ್‌ಗಳು, ಸುಮಾರು 15 ಸೆಂ.ಮೀ. ಸಂಗಮ ದೂರದ ಪೀನ ಮಸೂರ, ಎರಡು ಸೂಜಿಗಳು, ಒಂದು ಹೆಣಿಗೆ ಕಡ್ಡಿ, ಅರ್ಧ ಮೀಟರ್ ಸ್ಕೇಲ್.

ಮೊದಲು ಸ್ಥೂಲ ಅಳತೆ. ಕಿಟಕಿಯಾಚೆಯ ಮರದ ಪ್ರತಿಬಿಂಬವನ್ನು ಗೋಡೆಯ ಮೇಲೆ ಸ್ಪಷ್ಟವಾಗಿ ಮೂಡಿಸಿ, ಮಸೂರದಿಂದ ಗೋಡೆಗಿರುವ ದೂರ ಅಳೆಯಿರಿ. ಮರದ ಬದಲು ಕೊಠಡಿಯ ಟ್ಯೂಬ್‌ಲೈಟನ್ನು ಬಳಸಬೇಡಿ. ಅದು 3 ಮೀಟರ್ ದೂರದಲ್ಲಿದ್ದರೆ 15 ಸೆಂ.ಮೀ. ಮಸೂರ 15.8 ತೋರಿಸುತ್ತದೆ. ಸೂರ್ಯನ ಕಡೆಗಂತೂ ಮಸೂರ ಹಿಡಿಯಲೇಬೇಡಿ.

ಮಸೂರವನ್ನು ಬೆಂಚಿನ ನಡುವೆ ನಿಲ್ಲಿಸಿ. ಎರಡೂ ಸೂಜಿಗಳ ತುದಿ ಮಸೂರದ ಕೇಂದ್ರದ ಎತ್ತರದಲ್ಲೇ ಇರಬೇಕು. 'ಪ್ರತಿಬಿಂಬವೇ ಕಾಣುತ್ತಿಲ್ಲ ಸರ್' ಎಂಬ ದೂರಿಗೆ ಹೆಚ್ಚಿನ ಸಲ ಕಾರಣ ಈ ಎತ್ತರದ ವ್ಯತ್ಯಾಸ. ವಸ್ತು ಸೂಜಿಯ ತುದಿಗೆ ಚೂರು ಬಿಳಿ ಕಾಗದ ಸಿಕ್ಕಿಸಿದರೆ ಯಾವುದು ಪ್ರತಿಬಿಂಬ, ಯಾವುದು ಎರಡನೇ ಸೂಜಿ ಎಂಬ ಗೊಂದಲ ಇರುವುದಿಲ್ಲ.

ಈಗ ಬೆಂಚ್ ತಿದ್ದುಪಡಿ. ಅಪ್‌ರೈಟ್‌ನ ಬುಡದ ಗೆರೆಗೆ ಸೂಜಿಯ ತುದಿ ನೇರವಾಗಿರುತ್ತದೆಂಬ ಖಾತರಿಯಿಲ್ಲ. ಹೆಣಿಗೆ ಕಡ್ಡಿಯ ಉದ್ದವನ್ನು ಸ್ಕೇಲಿನಲ್ಲಿ ಅಳೆಯಿರಿ, 15.0 ಸೆಂ.ಮೀ. ಎಂದಿರಲಿ. ಅದರ ಒಂದು ತುದಿ ಮಸೂರವನ್ನೂ ಇನ್ನೊಂದು ಸೂಜಿಯ ತುದಿಯನ್ನೂ ಮುಟ್ಟುವಂತೆ ಹಿಡಿದಾಗ ಬೆಂಚ್ 14.7 ತೋರಿಸಿದರೆ, ಆ ಕಡೆಯ ಎಲ್ಲ ಓದಿಗೂ 0.3 ಕೂಡಿಸಬೇಕು. ಎರಡೂ ಸೂಜಿಗಳಿಗೆ ಬೇರೆಬೇರೆಯಾಗಿ ಇದನ್ನು ಮಾಡಿ. ಒಂದಕ್ಕೆ ಮಾಡಿ ಇನ್ನೊಂದಕ್ಕೂ ಅದನ್ನೇ ಬರೆದುಕೊಳ್ಳುವ ಅಭ್ಯಾಸ ಹಲವರಿಗಿದೆ.

ವಸ್ತು ಸೂಜಿಯನ್ನು ಮಸೂರದಿಂದ 25 ಸೆಂ.ಮೀ. ದೂರದಲ್ಲಿಡಿ. ಬೆಂಚಿನ ಮತ್ತೊಂದು ತುದಿಯಿಂದ, ಪ್ರತಿಬಿಂಬ ಸೂಜಿಗಿಂತ ಕನಿಷ್ಠ 25–30 ಸೆಂ.ಮೀ. ಹಿಂದೆ ಕಣ್ಣಿಟ್ಟು, ಇನ್ನೊಂದು ಕಣ್ಣು ಮುಚ್ಚಿ ನೋಡಿ. ತಲೆಕೆಳಗಾದ ಪ್ರತಿಬಿಂಬ ಕಾಣುತ್ತದೆ. ಕಣ್ಣು ತೀರಾ ಹತ್ತಿರವಿದ್ದರೆ ಬರೀ ಮಸುಕು.

ಇನ್ನು ಪ್ಯಾರಲಾಕ್ಸ್. ಎರಡೂ ತೋರುಬೆರಳುಗಳನ್ನು ಒಂದರ ಹಿಂದೊಂದು ಹಿಡಿದು ತಲೆಯನ್ನು ಬಲಕ್ಕೆ ಸರಿಸಿ: ಹಿಂದಿನ ಬೆರಳು ಮುಂದಿನದಕ್ಕಿಂತ ಬಲಕ್ಕೆ ಸರಿದಂತೆ ಕಾಣುತ್ತದೆ. ಕಣ್ಣಿನ ಜೊತೆಗೇ ಸರಿಯುವುದು ದೂರದ್ದು, ಎದುರು ದಿಕ್ಕಿಗೆ ಸರಿಯುವುದು ಹತ್ತಿರದ್ದು. ಇಲ್ಲೂ ಹಾಗೆಯೇ. ಪ್ರತಿಬಿಂಬ ಕಣ್ಣಿನ ಜೊತೆಗೆ ಸರಿದರೆ ಅದು ಸೂಜಿಗಿಂತ ಆಚೆಗಿದೆ. ಸೂಜಿಯನ್ನು ಮಸೂರದ ಕಡೆಗೆ ತಳ್ಳಿ. ಎದುರು ದಿಕ್ಕಿಗೆ ಸರಿದರೆ ನಿಮ್ಮ ಕಡೆಗೆ ಎಳೆದುಕೊಳ್ಳಿ. ತಲೆ ಅತ್ತಿತ್ತ ಆಡಿಸಿದಾಗಲೂ ಎರಡು ತುದಿಗಳು ಅಂಟಿಕೊಂಡಂತೆ ಒಟ್ಟಿಗೇ ಸರಿದರೆ ಪ್ಯಾರಲಾಕ್ಸ್ ಹೋಯಿತು. ಈ ನಿಯಮ ತಿಳಿಯದೆ ಸೂಜಿಯನ್ನು ಕುರುಡಾಗಿ ಹಿಂದೆಮುಂದೆ ಆಡಿಸುತ್ತ ಕೂತರೆ ಅರ್ಧ ಗಂಟೆ ಹೋಗುತ್ತದೆ.

15 ಸೆಂ.ಮೀ. ಮಸೂರಕ್ಕೆ ತಿದ್ದುಪಡಿಯಾದ ಮಾದರಿ ಓದುಗಳು (ಸೆಂ.ಮೀ.; ಇಲ್ಲಿ u ಬರೀ ಪರಿಮಾಣ):

| u | v | f |
|---|---|---|
| 22.0 | 47.4 | 15.03 |
| 25.0 | 37.8 | 15.05 |
| 30.0 | 30.2 | 15.05 |
| 35.0 | 26.1 | 14.95 |
| 40.0 | 24.1 | 15.04 |

ಸರಾಸರಿ 15.0 ಸೆಂ.ಮೀ. ಸಾಮರ್ಥ್ಯ P = 100/15.0 = 6.67 ಡಯಾಪ್ಟರ್.

ಸೂತ್ರ 1/f = 1/v − 1/u. ವಸ್ತು ಬೆಳಕು ಬರುವ ಕಡೆಗಿರುವುದರಿಂದ u ಋಣ: u = −25.0, v = +37.8 ಹಾಕಿದರೆ f = 15.05. ಋಣ ಚಿಹ್ನೆ ಮರೆತರೆ −73.8 ಬರುತ್ತದೆ. ಪೀನ ಮಸೂರಕ್ಕೆ ಋಣ ಸಂಗಮ ದೂರ ಬಂದ ಕೂಡಲೇ ಲೆಕ್ಕವನ್ನು ಅನುಮಾನಿಸಿ, ಮಸೂರದ ತಪ್ಪೇನಿಲ್ಲ.

ವಸ್ತು 15 ಸೆಂ.ಮೀ.ಗಿಂತ ಹತ್ತಿರ ಬಂದರೆ ನಿಜ ಪ್ರತಿಬಿಂಬವೇ ಇಲ್ಲ. 18ಕ್ಕೆ ಇಟ್ಟರೆ v = 90; ಬೆಂಚಿನ ಉದ್ದ ಸಾಲದೆ ಪರದಾಡುತ್ತೀರಿ. ಒಂದೂವರೆ f ಇಂದ ಮೂರು f ವರೆಗಿನ ದೂರಗಳೇ ಹಿತ. 1/u ಎದುರು 1/v ನಕ್ಷೆ ಬರೆದರೆ ಎರಡೂ ಅಕ್ಷಗಳನ್ನು 0.067ರ ಹತ್ತಿರ ಮುಟ್ಟುವ ಸರಳರೇಖೆ ಬರಬೇಕು. ಒಂದು ಬಿಂದು ಮಾತ್ರ ರೇಖೆಯಿಂದ ಹೊರಗೆ ನಿಂತರೆ ಅದನ್ನು ಅಳಿಸಿ ಹಾಕಬೇಡಿ, ಆ ಓದನ್ನು ಮತ್ತೊಮ್ಮೆ ತೆಗೆಯಿರಿ.

ಭಾಗ 2: ನೀರಿನ ವಕ್ರೀಭವನ ಸೂಚ್ಯಂಕ

ಇದಕ್ಕೆ ಎರಡೂ ಮುಖ ಒಂದೇ ವಕ್ರತೆಯ ಮಸೂರ ಬೇಕು. ಸಮತಲ ದರ್ಪಣವನ್ನು ಮೇಜಿನ ಮೇಲೆ ಮಲಗಿಸಿ ಅದರ ಮೇಲೆ ಮಸೂರವಿಡಿ. ರಿಟಾರ್ಟ್ ಸ್ಟ್ಯಾಂಡಿಗೆ ಪಿನ್ ಅನ್ನು ಅಡ್ಡಲಾಗಿ ಸಿಕ್ಕಿಸಿ, ತುದಿ ಮಸೂರದ ನಡುವಿನ ನೇರಕ್ಕೆ ಬರಲಿ. ಮೇಲಿನಿಂದ ನೋಡುತ್ತ ಪಿನ್ ಮತ್ತು ಅದರ ಪ್ರತಿಬಿಂಬ ತುದಿಗೆ ತುದಿ ಕೂಡಿ ಪ್ಯಾರಲಾಕ್ಸ್ ಇಲ್ಲದಾಗುವವರೆಗೆ ಪಿನ್ ಏರಿಸಿ ಇಳಿಸಿ. ಪಿನ್‌ನಿಂದ ಮಸೂರದ ಮೇಲ್ಮೈಗೆ, ಪಿನ್‌ನಿಂದ ದರ್ಪಣಕ್ಕೆ ಇರುವ ದೂರಗಳ ಸರಾಸರಿಯೇ F1.

ಮಸೂರ ಎತ್ತಿ ದರ್ಪಣದ ಮೇಲೆ ನಾಲ್ಕೈದು ಹನಿ ನೀರು ಹಾಕಿ, ಮತ್ತೆ ಇಟ್ಟು ಮೆಲ್ಲಗೆ ಒತ್ತಿ. ಗಾಳಿಗುಳ್ಳೆ ಉಳಿದರೆ ಪ್ರತಿಬಿಂಬ ಕೆಡುತ್ತದೆ. ಮಸೂರದ ಅಡಿಯ ನೀರು ಈಗ ಸಮತಲ-ನಿಮ್ನ ಮಸೂರವಾಗಿ ಬೆಳಕನ್ನು ಹರಡುತ್ತದೆ. ಹಾಗಾಗಿ ಪಿನ್ ಅನ್ನು ಇನ್ನೂ ಮೇಲೇರಿಸಬೇಕು. ಆ ದೂರ F2.

ನೀರಿನ ಮಸೂರದ ಸಂಗಮ ದೂರದ ಪರಿಮಾಣ F1F2/(F2 − F1). F1 = 15.0, F2 = 22.6 ಆದರೆ 44.6 ಸೆಂ.ಮೀ. R ತಿಳಿಯಲು ಸ್ಫಿರೋಮೀಟರ್: ಕಾಲುಗಳ ನಡುವಿನ ದೂರ l = 3.5 ಸೆಂ.ಮೀ., ಕಾಲುಗಳ ಮಟ್ಟದಿಂದ ನಡುವಿನ ಸ್ಕ್ರೂ ಏರಿದ ಎತ್ತರ h = 0.136 ಸೆಂ.ಮೀ. ಇದ್ದರೆ

R = l²/6h + h/2 = 15.1 ಸೆಂ.ಮೀ.

n = 1 + 15.1/44.6 = 1.34. ನೀರಿಗೆ 1.33 ಬರಬೇಕು, ಇದು ಒಳ್ಳೆಯ ಫಲಿತಾಂಶವೇ.

ಇಲ್ಲಿ ಎರಡು ಹತ್ತಿರದ ಅಳತೆಗಳನ್ನು ಒಂದರಿಂದೊಂದು ಕಳೆಯುತ್ತೇವೆ. ಸಣ್ಣ ತಪ್ಪೂ ಹಿಗ್ಗುತ್ತದೆ. F2ನಲ್ಲಿ 2 ಮಿ.ಮೀ. ತಪ್ಪಿದರೆ n ಸುಮಾರು 0.006 ಬದಲಾಗುತ್ತದೆ, F1ನಲ್ಲಿ ಅಷ್ಟೇ ತಪ್ಪಿದರೆ ಅದರ ಎರಡರಷ್ಟು. ಆದ್ದರಿಂದ F1 ಅನ್ನು ಮೂರು ಸಲ ಅಳೆಯಿರಿ. ಗ್ಲಿಸರಿನ್ ಬಳಸುವವರು ಪಿನ್ ಸುಮಾರು 28 ಸೆಂ.ಮೀ.ವರೆಗೆ ಏರುವಂಥ ಸ್ಟ್ಯಾಂಡ್ ತೆಗೆದುಕೊಳ್ಳಿ. ಮುಗಿದ ಮೇಲೆ ಮಸೂರವನ್ನು ಸೋಪುನೀರಿನಲ್ಲಿ ತೊಳೆಯದಿದ್ದರೆ ಮುಂದಿನ ಬ್ಯಾಚಿಗೆ ಜಿಡ್ಡು ಮಸೂರವೇ ಗತಿ.

ವೈವಾದಲ್ಲಿ ಕೇಳುವವು

ಮಸೂರದ ಅರ್ಧಕ್ಕೆ ಕಪ್ಪು ಕಾಗದ ಅಂಟಿಸಿದರೆ? ಪ್ರತಿಬಿಂಬ ಅರ್ಧವಾಗುವುದಿಲ್ಲ. ವಸ್ತುವಿನ ಪ್ರತಿ ಬಿಂದುವಿನಿಂದಲೂ ಬೆಳಕು ಉಳಿದರ್ಧದ ಮೂಲಕ ಹಾಯುವುದರಿಂದ ಪೂರ್ತಿ ಪ್ರತಿಬಿಂಬವೇ ಇರುತ್ತದೆ, ಮಂಕಾಗಿ.

ವಸ್ತುವಿಗೂ ಅದರ ನಿಜ ಪ್ರತಿಬಿಂಬಕ್ಕೂ ನಡುವಿನ ಕನಿಷ್ಠ ದೂರ? 4f; ಈ ಮಸೂರಕ್ಕೆ 60 ಸೆಂ.ಮೀ.

ಮಸೂರವನ್ನು ನೀರಿನಲ್ಲಿ ಮುಳುಗಿಸಿದರೆ? ಗಾಜಿಗೆ 1.5, ನೀರಿಗೆ 4/3 ಎಂದಿಟ್ಟರೆ ಸಂಗಮ ದೂರ ನಾಲ್ಕು ಪಟ್ಟು, ಅಂದರೆ 60 ಸೆಂ.ಮೀ. ಆಗುತ್ತದೆ.