ಹಬ್ಬಕ್ಕೆ ಬನ್ನಿ, ಹಳೆ ಒಡವೆ ಜೊತೆಗೇ ತನ್ನಿ

ನಮಸ್ಕಾರ.

ತಿಪಟೂರು ಪೇಟೆ ಬೀದಿಯ ಶೆಟ್ಟರ ಚಿನ್ನದಂಗಡಿಯಿಂದ ದೀಪಾವಳಿಯ ಶುಭಾಶಯಗಳು. ಈ ಸಂದೇಶವನ್ನು ಊರಿಗೆಲ್ಲ ಕಳಿಸುತ್ತಿಲ್ಲ. ನಮ್ಮ ಖಾತೆ ಪುಸ್ತಕದಲ್ಲಿ ಹೆಸರಿರುವವರಿಗೆ, ಅಂದರೆ ಮದುವೆಯ ತಾಳಿಯಿಂದ ಮೊಮ್ಮಗುವಿನ ಕಿವಿ ಚುಚ್ಚಿಸುವವರೆಗೆ ನಮ್ಮಲ್ಲಿಗೇ ಬಂದ ಮನೆಗಳಿಗೆ ಮಾತ್ರ. ಸ್ವಲ್ಪ ಉದ್ದವಿದೆ. ಸಂಜೆ ಕಾಫಿ ಹೊತ್ತಿಗೆ ಓದಿ.

2025ರ ಅಕ್ಟೋಬರ್ 11, ಶನಿವಾರದಿಂದ 26, ಭಾನುವಾರದವರೆಗೆ ಚಿನ್ನದ ಒಡವೆಗಳ ಕೂಲಿ ಶೇ. 10ರ ಬದಲು ಶೇ. 7. ಹಳೆ ಚಿನ್ನ ಕೊಟ್ಟು ಹೊಸದು ತೆಗೆದುಕೊಂಡರೆ ಎರಡಕ್ಕೂ ಆ ದಿನದ ಒಂದೇ ರೇಟು. ನಮ್ಮ ಆಫರ್ ಇಷ್ಟೇ. ಗೀಚುವ ಕೂಪನ್ನು, ಲಕ್ಕಿ ಡ್ರಾ, ಬೆಳ್ಳಿ ನಾಣ್ಯ ಫ್ರೀ ಯಾವುದೂ ಇಲ್ಲ.

"ತುಮಕೂರಿನಲ್ಲಿ ಕೂಲಿಯೇ ಇಲ್ಲವಂತೆ, ನೀವು ಏಳು ತಗೋತೀರಲ್ಲ ಶೆಟ್ರೇ" ಎಂದು ಹೋದ ವಾರ ಒಬ್ಬ ಅಮ್ಮ ಕೇಳಿದರು. ಅವರ ಮಗಳ ಬಿಲ್ಲನ್ನೇ ಬಿಡಿಸಿ ನೋಡಿದೆವು. ಕೂಲಿ ಎಂಬಲ್ಲಿ ಸೊನ್ನೆ. ಕೆಳಗಿನ ಸಾಲಿನಲ್ಲಿ ವೇಸ್ಟೇಜು ಶೇ. 14! ಆಚಾರಿ ಕುಲುಮೆ ಮುಂದೆ ಕೂತು ಬೆನ್ನು ಬಗ್ಗಿಸಿದ್ದಕ್ಕೆ ಯಾರಾದರೂ ದುಡ್ಡು ಕೊಡಲೇಬೇಕಲ್ಲ. ನಮ್ಮಲ್ಲಿ ವೇಸ್ಟೇಜು ಎಂಬ ಸಾಲೇ ಬಿಲ್ಲಿನಲ್ಲಿಲ್ಲ. ಕೂಲಿ ಅಂದರೆ ಕೂಲಿ, ಅದರೊಳಗೇ ಎಲ್ಲ ಬಂತು.

ಇನ್ನೊಂದು ಪ್ರಶ್ನೆ ದಿನಕ್ಕೆ ಹತ್ತು ಸಲ ಬರುತ್ತಿದೆ. ಸೆಪ್ಟೆಂಬರ್ 22ರಿಂದ ಎಷ್ಟೋ ಸಾಮಾನಿನ ಜಿಎಸ್‌ಟಿ ಇಳಿದಿದೆ, ನಿಜ. ಚಿನ್ನಕ್ಕೆ ಇಳಿದಿಲ್ಲ. ಮೊದಲಿದ್ದ ಶೇ. 3 ಹಾಗೆಯೇ ಇದೆ. "ತೆರಿಗೆ ಇಲ್ಲದೆ ಕೊಡ್ತೀವಿ" ಎಂದು ಯಾರಾದರೂ ಅಂದರೆ ಅವರು ಕೊಡುವುದು ಚೀಟಿ, ಬಿಲ್ಲಲ್ಲ. ನಾಳೆ ಆ ಒಡವೆಯಲ್ಲಿ ಏನಾದರೂ ದೋಷ ಕಂಡರೆ ಆ ಚೀಟಿ ಹಿಡಿದು ಎಲ್ಲಿಗೆ ಹೋಗುತ್ತೀರಿ?

ಈಗ ಹಳೆ ಚಿನ್ನದ ವಿಷಯ. ಗ್ರಾಂ ಚಿನ್ನ ಹತ್ತು ಸಾವಿರ ದಾಟಿರುವ ಈ ವರ್ಷ ಹೊಸ ದುಡ್ಡು ಹಾಕಿ ಒಡವೆ ಕೊಳ್ಳುವುದು ಎಲ್ಲರಿಗೂ ಆಗದು. ಬೀರುವಿನಲ್ಲಿ ಮುರಿದ ಓಲೆ, ಸವೆದ ಬಳೆ, ಜೊತೆ ಕಳೆದುಹೋದ ಜುಮುಕಿ ಇದ್ದೇ ಇರುತ್ತವೆ. ಅವನ್ನು ತನ್ನಿ. ಮನಸ್ತಾಪ ಹುಟ್ಟುವುದು ಕೂಡ ಇಲ್ಲಿಯೇ, ಆದ್ದರಿಂದ ನಾವು ಮಾಡುವುದನ್ನು ಮೊದಲೇ ಹೇಳಿಬಿಡುತ್ತೇವೆ.

ಒಡವೆಯನ್ನು ನಿಮ್ಮೆದುರಿಗೇ ತೂಗುತ್ತೇವೆ. ತಕ್ಕಡಿಯ ಮುಖ ನಿಮ್ಮ ಕಡೆಗೇ ಇರುತ್ತದೆ. ಕಲ್ಲು ಇದ್ದರೆ ಬಿಡಿಸಿ ಪೊಟ್ಟಣ ಕಟ್ಟಿ ನಿಮಗೇ ಕೊಡುತ್ತೇವೆ. ಸಾಮಾನ್ಯ ಕೆಂಪು ಕಲ್ಲಿಗೆ ನಾವು ಬೆಲೆ ಕಟ್ಟುವುದಿಲ್ಲ, ನಿಮಗೆ ಮಾರುವಾಗಲೂ ಅದನ್ನು ಚಿನ್ನದ ತೂಕಕ್ಕೆ ಸೇರಿಸುವುದಿಲ್ಲ. ಆಮೇಲೆ ಮಷೀನಿನಲ್ಲಿಟ್ಟು ಶುದ್ಧತೆ ನೋಡುತ್ತೇವೆ. ಮಷೀನು ಓದುವುದು ಮೇಲ್ಮೈಯನ್ನು ಮಾತ್ರ. ಒಳಗಿನ ಬೆಸುಗೆ, ಟೊಳ್ಳು ಗುಂಡಿನಲ್ಲಿ ತುಂಬಿದ ಅರಗು ಅದಕ್ಕೆ ಕಾಣುವುದಿಲ್ಲ. ಅದಕ್ಕೇ ನೀವು ಒಪ್ಪಿದ ಮೇಲೆ, ನೀವು ನೋಡುತ್ತಿರುವಾಗಲೇ ಕರಗಿಸಿ, ಗಟ್ಟಿಯನ್ನು ಮತ್ತೆ ತೂಗಿ, ಮತ್ತೆ ಮಷೀನಿಗಿಡುತ್ತೇವೆ. ಕರಗಿಸಿದ ಮೇಲೆ ಲೆಕ್ಕ ಸರಿ ಬರಲಿಲ್ಲ ಅನ್ನಿಸಿದರೆ ಗಟ್ಟಿ ತೆಗೆದುಕೊಂಡು ಹೋಗಿ, ಬೇರೆ ಅಂಗಡಿಯಲ್ಲೂ ತೋರಿಸಿ. ಒಂದು ರೂಪಾಯಿ ಕೇಳುವುದಿಲ್ಲ.

ಎಪಿಎಂಸಿಯಲ್ಲಿ ಕೊಬ್ಬರಿ ತೂಗುವಾಗ ಚೀಲದ ತೂಕ ಕಳೆಯುವುದು ನಮ್ಮ ಊರಿನವರಿಗೆ ಹೊಸದಲ್ಲ. ಯಾಕೆ ಕಳೆದರು ಅಂತ ಗೊತ್ತಿದ್ದರೆ ಸಿಟ್ಟು ಬರಲ್ಲ. ಹೇಳದೆ ಕಳೆದರೆ ಬರುತ್ತದೆ.

ಲೆಕ್ಕ ಹೇಗೆ ಎಂದರೆ, ಸುಲಭಕ್ಕೆ 22 ಕ್ಯಾರೆಟ್‌ನ ರೇಟು ಗ್ರಾಂಗೆ 10,000 ಎಂದುಕೊಳ್ಳಿ (ನಿಜವಾದ ರೇಟು ಬೆಳಿಗ್ಗೆ ಬೋರ್ಡಿನ ಮೇಲಿರುತ್ತದೆ). ಹಳೆ ಬಳೆ ಕರಗಿಸಿದ ಮೇಲೆ 20 ಗ್ರಾಂ ನಿಂತಿತು, ಶುದ್ಧತೆ ಶೇ. 87 ಬಂತು. ಅದರಲ್ಲಿ ಅಪ್ಪಟ ಚಿನ್ನ 17.4 ಗ್ರಾಂ. 22 ಕ್ಯಾರೆಟ್ ಅಂದರೆ ಶೇ. 91.6, ಆದ್ದರಿಂದ 0.916ರಿಂದ ಭಾಗಿಸಿದರೆ 18.996 ಗ್ರಾಂ. ನಿಮ್ಮ ಹಳೆ ಚಿನ್ನಕ್ಕೆ ಸಿಕ್ಕಿದ್ದು 1,89,960 ರೂಪಾಯಿ.

ನೀವು ಆರಿಸಿದ್ದು 24 ಗ್ರಾಂನ ಅವಲಕ್ಕಿ ಸರ. ಚಿನ್ನ 2,40,000, ಕೂಲಿ 16,800, ಎರಡೂ ಸೇರಿದ್ದಕ್ಕೆ ಜಿಎಸ್‌ಟಿ 7,704, ಹಾಲ್‌ಮಾರ್ಕ್ ಶುಲ್ಕ ತೆರಿಗೆ ಸೇರಿ 53. ಒಟ್ಟು 2,64,557. ಹಳೆಯದನ್ನು ಕಳೆದರೆ ನೀವು ಕೊಡಬೇಕಾದದ್ದು 74,597. ಜಿಎಸ್‌ಟಿ ಬೀಳುವುದು ಹೊಸ ಸರದ ಪೂರ್ತಿ ಬೆಲೆಯ ಮೇಲೆ, ಕೈಯಿಂದ ಕೊಡುವ ಹಣದ ಮೇಲಷ್ಟೇ ಅಲ್ಲ. ಇದು ಕಾನೂನು, ನಮ್ಮ ಕೈಯಲ್ಲಿಲ್ಲ. ಬಿಲ್ಲು ಎರಡು ಲಕ್ಷ ದಾಟಿದರೆ ಪ್ಯಾನ್ ಬೇಕು, ಕಾರ್ಡು ಜೊತೆಗಿರಲಿ.

ಹೊಸ ಒಡವೆ ಬೇಡ, ದುಡ್ಡೇ ಬೇಕು ಅಂದರೆ ಶೇ. 2 ಕಡಿಮೆ ಕೊಡುತ್ತೇವೆ, ಅದೂ ಬ್ಯಾಂಕ್ ಖಾತೆಗೆ. ಗಟ್ಟಿಯನ್ನು ಶುದ್ಧಮಾಡಲು ಕಳಿಸಿ ನಮ್ಮ ಹಣ ವಾಪಸ್ ಬರುವಷ್ಟರಲ್ಲಿ ರೇಟು ಇಳಿದರೆ ನಷ್ಟ ನಮ್ಮದಾಗುತ್ತದೆ. ಹಳೆ ಬಿಲ್ಲು ಇದ್ದರೆ ತನ್ನಿ. ಇಲ್ಲದಿದ್ದರೆ ಆಧಾರ್ ಪ್ರತಿ ಕೇಳುತ್ತೇವೆ. ಮೂವತ್ತು ವರ್ಷದ ಪರಿಚಯವಿದ್ದರೂ ಕೇಳುತ್ತೇವೆ, ಬೇಜಾರು ಮಾಡಿಕೊಳ್ಳಬೇಡಿ. ಕಳವಿನ ಮಾಲು ಅಂಗಡಿಗೆ ಬರಬಾರದು ನೋಡಿ.

ಹೊಸದನ್ನು ಕೊಳ್ಳುವಾಗ ಒಡವೆಯ ಮೇಲೆ ಮೂರು ಗುರುತು ನೋಡಿ: ಬಿಐಎಸ್‌ನ ತ್ರಿಕೋನ, 22K916 ಎಂಬ ಅಂಕೆ, ಆಮೇಲೆ ಅಕ್ಷರ ಮತ್ತು ಅಂಕಿ ಕೂಡಿದ ಆರು ಸ್ಥಾನದ HUID. 2023ರ ಏಪ್ರಿಲ್ 1ರಿಂದ HUID ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. ಅಕ್ಷರ ಬಹಳ ಸಣ್ಣದು, ಭೂತಗನ್ನಡಿ ಕೌಂಟರಿನ ಮೇಲೇ ಇದೆ. ಫೋನಿನಲ್ಲಿ BIS Care ಆ್ಯಪ್ ಹಾಕಿಕೊಂಡು ಆ ಸಂಖ್ಯೆ ಒತ್ತಿದರೆ ಒಡವೆಯ ಶುದ್ಧತೆ, ಪರೀಕ್ಷೆ ಮಾಡಿದ ಕೇಂದ್ರ ಎಲ್ಲ ಬರುತ್ತದೆ. ಬಾರದಿದ್ದರೆ ಒಡವೆ ಅಲ್ಲೇ ಬಿಟ್ಟು ಎದ್ದುಬನ್ನಿ, ನಮ್ಮ ಅಂಗಡಿಯಾದರೂ ಸರಿ. ನಿಮ್ಮ ಹಳೆ ಒಡವೆಗೆ ಹಾಲ್‌ಮಾರ್ಕ್ ಇಲ್ಲ ಅಂತ ಗಾಬರಿ ಬೇಡ. ಕಾನೂನು ಇರುವುದು ಮಾರುವ ಅಂಗಡಿಗೆ. ಮನೆಯ ಚಿನ್ನವನ್ನು ಇಟ್ಟುಕೊಳ್ಳಬಹುದು, ನಮಗೆ ಕೊಡಲೂಬಹುದು.

ವ್ಯಾಪಾರಕ್ಕೆ ಒಳ್ಳೆಯದಲ್ಲದ ಒಂದು ಮಾತು. ಎಲ್ಲವನ್ನೂ ಕರಗಿಸಬೇಡಿ. ಅಜ್ಜಿಯ ಬುಗುಡಿ, ಕೈಕೆಲಸದ ಅಡ್ಡಿಕೆ, ಹಳೆ ಕಾಸಿನ ಸರ ತಂದವರನ್ನು ನಾವೇ ಎಷ್ಟೋ ಸಲ ವಾಪಸ್ ಕಳಿಸಿದ್ದೇವೆ. ಅಂಥ ಕೆಲಸ ಮಾಡುವ ಕೈ ಈಗ ನಮ್ಮ ಆಚಾರಿಗಳಲ್ಲಿ ಒಬ್ಬರದು ಮಾತ್ರ, ಅವರಿಗೂ ವಯಸ್ಸಾಯಿತು. ಕೊಂಡಿ ಹೋಗಿದ್ದರೆ ಹಾಕಿಸೋಣ, ಮಾಸಿದ್ದರೆ ತೊಳೆಸೋಣ. ಹಬ್ಬದ ಈ ಹದಿನಾರು ದಿನ ತೊಳೆಸುವುದಕ್ಕೆ ದುಡ್ಡಿಲ್ಲ.

ಧನತ್ರಯೋದಶಿ ಶನಿವಾರ, 18ನೇ ತಾರೀಕು. ಅವತ್ತು ಬೆಳಿಗ್ಗೆ ಎಂಟರಿಂದ ರಾತ್ರಿ ಹತ್ತರವರೆಗೆ ಅಂಗಡಿ ತೆರೆದಿರುತ್ತದೆ, ನೂಕುನುಗ್ಗಲು ಇರುತ್ತದೆ. ಕರಗಿಸುವ ಕೆಲಸಕ್ಕೆ ಕಡಿಮೆಯೆಂದರೂ ಒಂದು ಗಂಟೆ ಬೇಕು, ಆದ್ದರಿಂದ ಹಳೆ ಚಿನ್ನ ತರುವವರು ಅದಕ್ಕೆ ಮೊದಲೇ ಬಂದರೆ ಕೂತು ಮಾತಾಡಬಹುದು. ಬುಧವಾರ 22, ಬಲಿಪಾಡ್ಯಮಿಗೆ ಅಂಗಡಿ ಪೂಜೆ ಮುಗಿದ ಮೇಲೆ ಹನ್ನೊಂದಕ್ಕೆ ಬಾಗಿಲು ತೆಗೆಯುತ್ತೇವೆ. ಆ ದಿನದ ರೇಟು ತಿಳಿಯಲು ಈ ನಂಬರಿಗೇ "ರೇಟು" ಎಂದು ಬರೆದು ಕಳಿಸಿ, ಸಾಕು.

ಶೆಟ್ಟರ ಚಿನ್ನದಂಗಡಿ
ಪೇಟೆ ಬೀದಿ, ತಿಪಟೂರು